ಬಂಡಲ್ ನನ್ನ ಮೇಜಿನ ಮೇಲೇ ಇತ್ತು

ಫೈನಲ್ ಇಯರ್ ಪ್ರಾಜೆಕ್ಟ್ ನಡೆಯುತ್ತಿದ್ದಾಗ ಒಂದು ಶನಿವಾರ ರಾತ್ರಿ ನಮ್ಮ ಗುಂಪಿಗೆ ಒಂದು ವಾಟ್ಸಾಪ್ ಮೆಸೇಜ್ ಟೈಪ್ ಮಾಡಿದೆ. ಹನ್ನೊಂದೂವರೆ ಆಗಿತ್ತು. ಬಳ್ಳಾರಿಯ ಬೇಸಿಗೆ, ಫ್ಯಾನ್ ತಿರುಗಿದರೂ ಬಿಸಿ ಗಾಳಿಯೇ ಬರುತ್ತಿತ್ತು. ಮೆಸೇಜ್ ಹೀಗಿತ್ತು: "ಆರು ವಾರದಿಂದ ನಾನೊಬ್ಬಳೇ ಕೋಡ್ ಬರೀತಿದ್ದೀನಿ. ನಂದು 87 ಕಮಿಟ್. ನಿಮ್ದು ಎಲ್ಲರದೂ ಸೇರಿ 23. ಇನ್ನು ನನ್ನ ಕೈಲಿ ಆಗಲ್ಲ. ಸೋಮವಾರ ಗೈಡ್ ಹತ್ರ ಹೇಳ್ತೀನಿ."

ಕಳಿಸಲಿಲ್ಲ. ಕಳಿಸುವ ಮೊದಲು ನಿದ್ದೆ ಬಂತು, ಅಷ್ಟೇ. ಮರುದಿನ ಬೆಳಿಗ್ಗೆ ಮಾಮನ ಮನೆಗೆ ಹೋಗಬೇಕಿತ್ತು. ಅಲ್ಲಿಂದ ಬಂದ ಮೇಲೆ ಆ ಮೆಸೇಜ್ ಅಳಿಸಿ ಬೇರೆ ಬರೆದೆ. ಆ ಎರಡು ಮೆಸೇಜ್‌ಗಳ ನಡುವೆ ನನಗೆ ಏನು ಕಾಣಿಸಿತು ಅನ್ನೋದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅನಿಸುತ್ತಿತ್ತು. ಈಗ ಪ್ರಾಜೆಕ್ಟ್ ಮಾಡುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಇದೇ ಸಂಕಟ ಹೇಳಿಕೊಳ್ಳುತ್ತಾರೆ. "ಅಕ್ಕಾ, ಎಲ್ಲಾ ನಾನೇ ಮಾಡ್ತಿದ್ದೀನಿ, ಗ್ರೂಪ್‌ಗೆ ಏನಂತ ಮೆಸೇಜ್ ಹಾಕಲಿ?" ಅಂತ.

ನಮ್ಮದು ನಾಲ್ಕು ಜನರ ಗುಂಪು. ನಾನು ಬಳ್ಳಾರಿಯವಳು. ಸಿರುಗುಪ್ಪದ ಒಬ್ಬ ಗೆಳೆಯ, ಸಂಡೂರಿನ ಒಬ್ಬ ಗೆಳತಿ, ಹಾಸ್ಟೆಲ್‌ನಲ್ಲಿದ್ದ ಕಂಪ್ಲಿಯ ಹುಡುಗ. ಹೆಸರು ಬೇಡ, ಊರಿನಿಂದಲೇ ಕರೆಯುತ್ತೇನೆ. ನಾವು ಮಾಡುತ್ತಿದ್ದದ್ದು ಜೀನ್ಸ್ ಹೊಲಿಯುವ ಒಂದು ಸಣ್ಣ ಯೂನಿಟ್‌ಗೆ ಲೆಕ್ಕದ ಸಾಫ್ಟ್‌ವೇರ್. ಬಳ್ಳಾರಿಯಲ್ಲಿ ಇಂಥ ಯೂನಿಟ್‌ಗಳು ಬಹಳ. ಯಾರು ಎಷ್ಟು ನಗ, ಅಂದರೆ ಪೀಸ್, ಹೊಲಿದರು ಅಂತ ಮೇಸ್ತ್ರಿ ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಶನಿವಾರ ಕೂಡಿ, ಕಳೆದು ಬಟವಡೆ ಮಾಡುತ್ತಾರೆ. ಆ ನೋಟ್‌ಬುಕ್ಕಿನ ಬದಲು ಒಂದು ವೆಬ್ ಪುಟ, ಇದು ನಮ್ಮ ಪ್ರಾಜೆಕ್ಟ್. ಪೈಥಾನ್, ಫ್ಲಾಸ್ಕ್, ಎಸ್‌ಕ್ಯೂಲೈಟ್. ದೊಡ್ಡದೇನಲ್ಲ. ನಾಲ್ಕು ಜನ ಸೇರಿದರೆ ಆರಾಮಾಗಿ ಮುಗಿಯುವಂಥದ್ದು.

ಆದರೂ ರಾತ್ರಿ ಕೂತು ಬರೆಯುತ್ತಿದ್ದದ್ದು ನಾನೊಬ್ಬಳೇ. ಲಾಗಿನ್ ನಾನು, ಡೇಟಾಬೇಸ್ ನಾನು, ನಗದ ಎಂಟ್ರಿ ಅರ್ಧ ನಾನು. ಸಿಟ್ಟು ಸುಳ್ಳಾಗಿರಲಿಲ್ಲ. ಅದನ್ನು ಈಗಲೂ ಹೇಳುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ "ಎಲ್ಲಾ ನಿನ್ನದೇ ತಪ್ಪು" ಅಂತ ಯಾರೂ ತಿಳಿಯಬಾರದು. ಮೂರು ವಾರ ಗುಂಪಿನಲ್ಲಿ ಒಂದು ಮಾತೂ ಆಡದೆ ಇದ್ದವರು ಇದ್ದರು. ಒಪ್ಪಿಕೊಂಡ ಕೆಲಸ ಮುಟ್ಟದವರು ಇದ್ದರು. ಭಾರ ನಿಜವಾಗಿಯೂ ಒಂದೇ ಕಡೆ ವಾಲಿತ್ತು.

ಮಾಮ ಒಂದು ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆ ಕತ್ತರಿಸಿ, ಒಂದೇ ಅಳತೆಯ ತುಂಡುಗಳನ್ನು ಬಂಡಲ್ ಕಟ್ಟಿ, ಹೊಲಿಗೆಯವರಿಗೆ ಕೊಡುವುದು ಅವರ ಕೆಲಸ. ಆ ಭಾನುವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ನನ್ನ ಗೋಳು ಹೇಳಿಕೊಂಡೆ. ಕಮಿಟ್ ಅಂದರೆ ಕೋಡ್‌ನ ಒಂದೊಂದು ಬದಲಾವಣೆಯನ್ನು ಗಿಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ದಾಖಲಿಸುವುದು ಅಂತ ಅವರಿಗೆ ಹೇಳಲು ಹೋಗಲಿಲ್ಲ. "ನಾನು 87 ನಗ ಮಾಡಿದೀನಿ, ಅವರು ಮೂರೂ ಜನ ಸೇರಿ 23" ಅಂದೆ.

ಅವರು ಕೇಳಿದ ಮೊದಲ ಮಾತು, "ಯಾವ ನಗ?"

ನನಗೆ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಒಂದು ಪ್ಯಾಂಟ್‌ನಲ್ಲಿ ಜೇಬು ಕೂರಿಸುವವರು ಬೇರೆ, ಜಿಪ್ ಹಾಕುವವರು ಬೇರೆ, ಬೆಲ್ಟ್ ಏರಿಸುವವರು ಬೇರೆ, ಲೂಪ್ ಹಾಕುವವರು ಬೇರೆ. ಒಂದೊಂದಕ್ಕೂ ದರ ಬೇರೆ. ಲೂಪ್ ಹಾಕುವವನ ಎಣಿಕೆ ನೋಡಿ ಬೆಲ್ಟಿನವಳನ್ನು ಯಾರೂ ಬೈಯುವುದಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು. "ನೋಡವ್ವ, ಬೆಲ್ಟಿನ ಮಷೀನ್ ಹತ್ರ ಒಬ್ಬಾಕಿ ಕೈ ಕಟ್ಟಿ ಕೂತಿರ್ತಾಳೆ. ಹೊಸ ಮೇಸ್ತ್ರಿ ಆದ್ರೆ ಆಕೀನ್ನ ಬೈತಾನೆ. ಹಳೇ ಮೇಸ್ತ್ರಿ ಆದ್ರೆ ಹಿಂದಕ್ಕೆ ನಡಕೊಂಡು ಹೋಗಿ ಬಂಡಲ್ ಎಲ್ಲಿ ನಿಂತೈತಿ ಅಂತ ನೋಡ್ತಾನೆ. ಜಿಪ್ಪಿನವನ ಮೇಜಿನ ಮೇಲೆ ನಲವತ್ತು ಪ್ಯಾಂಟ್ ಬಿದ್ದಿರ್ತಾವೆ. ಆಕಿ ಏನು ಹೊಲೀಬೇಕು?"

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಹಿಂದಿನ ರಾತ್ರಿ 87 ಅನ್ನುವ ಸಂಖ್ಯೆ ಸಿಕ್ಕಿದ್ದು ಈ ಕಮಾಂಡ್‌ನಿಂದ:

```
git shortlog -sn --all --no-merges
```

ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಕಮಿಟ್‌ಗಳ ಎಣಿಕೆ ಬರುತ್ತದೆ. ಎಲ್ಲಾ ಬ್ರಾಂಚ್‌ಗಳನ್ನೂ ಸೇರಿಸುತ್ತದೆ, ಮರ್ಜ್ ಕಮಿಟ್‌ಗಳನ್ನು ಬಿಡುತ್ತದೆ. ನನ್ನದು 87, ಸಿರುಗುಪ್ಪದವನದು 14, ಕಂಪ್ಲಿಯವನದು 9. ಸಂಡೂರಿನವಳ ಹೆಸರೇ ಇರಲಿಲ್ಲ. ಆದರೆ ಪಟ್ಟಿಯಲ್ಲಿ ನಾನು ರಾತ್ರಿ ಗಮನಿಸದೆ ಬಿಟ್ಟ ಇನ್ನೊಂದು ಸಾಲಿತ್ತು. `student` ಅನ್ನುವ ಹೆಸರಲ್ಲಿ 11.

ಆ `student` ಸಂಡೂರಿನವಳು. ಅವಳಿಗೆ ಸ್ವಂತ ಲ್ಯಾಪ್‌ಟಾಪ್ ಇರಲಿಲ್ಲ. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಬರೆಯುತ್ತಿದ್ದಳು. ಗಿಟ್‌ಗೆ ಕಮಿಟ್ ಯಾರದು ಅಂತ ತಾನಾಗಿ ಗೊತ್ತಾಗುವುದಿಲ್ಲ. ಆ ಮಷೀನ್‌ನಲ್ಲಿ `user.name` ಮತ್ತು `user.email` ಏನಿದೆಯೋ ಅದನ್ನೇ ಬರೆದುಕೊಳ್ಳುತ್ತದೆ. ಲ್ಯಾಬ್‌ನಲ್ಲಿ ಯಾರೋ ಯಾವಾಗಲೋ `student` ಅಂತ ಹಾಕಿಟ್ಟಿದ್ದರು. ಸಂಜೆ ನಾಲ್ಕೂವರೆಗೆ ಸಂಡೂರಿನ ಬಸ್ ಹಿಡಿಯುವ ಮೊದಲು ಅವಳು ಮಾಡಿದ ಕೆಲಸವೆಲ್ಲ ಆ ಹೆಸರಿಗೆ ಸೇರಿತ್ತು.

ನನ್ನ 87 ಅನ್ನೂ ಬಿಡಿಸಿ ನೋಡಿದೆ. 12 ಕಮಿಟ್‌ಗಳು ಸಿರುಗುಪ್ಪದವನ ಪುಟಗಳು. ಅವನು ವಾಟ್ಸಾಪ್‌ನಲ್ಲಿ ಜಿಪ್ ಫೈಲ್ ಕಳಿಸುತ್ತಿದ್ದ, ನಾನು ಬಿಚ್ಚಿ ಸೇರಿಸುತ್ತಿದ್ದೆ, ಹಾಗಾಗಿ ಬರೆದವಳು ನಾನೇ ಅಂತ ದಾಖಲಾಗಿತ್ತು. ಇನ್ನೊಂದಿಷ್ಟು ಕಮಿಟ್‌ಗಳು ಒಂದು ಅಕ್ಷರ ತಿದ್ದಿದ್ದು, ಒಂದು ಬಣ್ಣ ಬದಲಿಸಿದ್ದು. ಕಮಿಟ್ ಬಿಟ್ಟು ಸಾಲು ಎಣಿಸೋಣ ಅಂದುಕೊಂಡರೆ ಅಲ್ಲಿ ಇನ್ನೂ ಕಷ್ಟ. ನಾನು `bootstrap.css` ಫೈಲನ್ನು ಇಳಿಸಿಕೊಂಡು ರೆಪೊಸಿಟರಿಗೆ ಹಾಕಿದ್ದೆ. ಅದೊಂದೇ ಹತ್ತು ಸಾವಿರ ಸಾಲಿಗೂ ಜಾಸ್ತಿ. ನಾನು ಅದರಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಇದರ ಮೇಲೆ ಯಾವ ಕಮಾಂಡ್‌ಗೂ ಸಿಗದ ಕೆಲಸ ಬೇರೆ ಇತ್ತು. ಯೂನಿಟ್‌ಗೆ ಮೂರು ಸಲ ಹೋಗಿ ಮೇಸ್ತ್ರಿ ಜೊತೆ ಕೂತು ದರಗಳನ್ನು ಬರೆದುಕೊಂಡು ಬಂದವನು ಕಂಪ್ಲಿಯವನು. ಆ ಕಾಗದ ಇಲ್ಲದಿದ್ದರೆ ನನ್ನ ಡೇಟಾಬೇಸ್‌ನಲ್ಲಿ ತುಂಬಲು ಏನೂ ಇರುತ್ತಿರಲಿಲ್ಲ.

ಲೆಕ್ಕ ಸರಿ ಮಾಡಿದ ಮೇಲೂ ನಾನು ಮಾಡಿದ ಕೆಲಸವೇ ಜಾಸ್ತಿ ಇತ್ತು. ಆದರೆ ಒಬ್ಬಳು ದುಡಿದಳು, ಮೂವರು ಕೂತರು ಅನ್ನುವ ಕಥೆ ಉಳಿಯಲಿಲ್ಲ. ಆ ಮೆಸೇಜ್ ಹಾಗೇ ಕಳಿಸಿದ್ದರೆ ಸಂಡೂರಿನವಳು ಅದನ್ನು ಬಸ್ಸಿನಲ್ಲಿ ಕೂತು ಓದುತ್ತಿದ್ದಳು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಆಮೇಲೆ ಮಾಮ ಹೇಳಿದ ಎರಡನೇ ಮಾತು. ಬಂಡಲ್ ಎಲ್ಲಿ ನಿಂತಿದೆ?

ನಮ್ಮ ಕೋಡ್ ಪೂರ್ತಿ `app.py` ಅನ್ನುವ ಒಂದೇ ಫೈಲ್‌ನಲ್ಲಿತ್ತು. ಸುಮಾರು 1,400 ಸಾಲು. ಲಾಗಿನ್, ನೌಕರರ ಪಟ್ಟಿ, ಬಂಡಲ್, ದರ, ಎಲ್ಲಾ ಒಂದರ ಕೆಳಗೊಂದು. ನಾಲ್ಕನೇ ವಾರದಲ್ಲಿ ಸಿರುಗುಪ್ಪದವನು ತನ್ನ ಪುಟ ಸೇರಿಸಲು ಹೋದಾಗ ನಾನೂ ಅದೇ ಜಾಗದಲ್ಲಿ ಬದಲಾಯಿಸಿದ್ದೆ. ಮರ್ಜ್ ಕಾನ್‌ಫ್ಲಿಕ್ಟ್ ಬಂತು. ಎರಡೂ ಕಡೆಯದನ್ನು ಉಳಿಸಬೇಕಾದ ಜಾಗದಲ್ಲಿ ಅವನು ತನ್ನ ಕಡೆಯದನ್ನು ಮಾತ್ರ ಇಟ್ಟುಕೊಂಡ. ನನ್ನ ಲಾಗಿನ್ ತಪಾಸಣೆ ಹೋಯಿತು. ಯಾರು ಬೇಕಾದರೂ ಒಳಗೆ ಬರಬಹುದು ಅನ್ನುವ ಸ್ಥಿತಿ. ನಿಜ ಹೇಳಬೇಕೆಂದರೆ ಅದು ದೊಡ್ಡ ನಷ್ಟವೇ ಅಲ್ಲ. ಹಳೆಯ ಕಮಿಟ್ ಇತಿಹಾಸದಲ್ಲಿ ಹಾಗೇ ಇತ್ತು, ಹತ್ತು ನಿಮಿಷದಲ್ಲಿ ವಾಪಸ್ ತಂದೆ. ಆದರೆ ಗುಂಪಿನಲ್ಲಿ ಎಲ್ಲರ ಎದುರು "ನೀನು ಬಿಡು, ನಾನೇ ಮಾಡ್ತೀನಿ" ಅಂತ ಬರೆದೆ.

ಅವತ್ತಿನಿಂದ ಅವನು ತನ್ನ ಕೋಡನ್ನು ಗುಂಪಿನ ರೆಪೊಸಿಟರಿಗೆ ಪುಶ್ ಮಾಡಲಿಲ್ಲ. ಜಿಪ್ ಕಳಿಸಲು ಶುರು ಮಾಡಿದ್ದೇ ಆಗ. ಆರು ವಾರದಲ್ಲಿ ಅವನ 14 ಕಮಿಟ್‌ಗಳೂ ಮೊದಲ ನಾಲ್ಕು ವಾರದವು. ದಿನಾಂಕ ನೋಡಿದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಣಿಕೆ ಮಾತ್ರ ನೋಡಿದರೆ ಇದು ಕಾಣುವುದಿಲ್ಲ. ಯಾರು ಯಾವ ವಾರ ನಿಂತರು ಅಂತ ನೋಡಬೇಕು, ಆ ವಾರ ಏನಾಯಿತು ಅಂತ ನೆನಪು ಮಾಡಿಕೊಳ್ಳಬೇಕು.

ಕಂಪ್ಲಿಯವನದು ಬೇರೆ ಥರ. ಅವನಿಗೆ ಬಟವಡೆ ಪುಟ ಅಂತ ಹಂಚಿದ್ದೆವು. ಬಟವಡೆಗೆ ನಗದ ಎಂಟ್ರಿ ಬೇಕು, ಎಂಟ್ರಿಗೆ ಬಂಡಲ್ ಟೇಬಲ್ ಬೇಕು, ಆ ಟೇಬಲ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಅರ್ಧಕ್ಕೆ ನಿಂತಿತ್ತು, ಪುಶ್ ಆಗಿರಲಿಲ್ಲ. "ಮುಗಿದ ಮೇಲೆ ಹಾಕ್ತೀನಿ" ಅಂತ ಎರಡು ಸಲ ಹೇಳಿದ್ದೆ. ಅವನು ಕಾದ, ಆಮೇಲೆ ಪ್ಲೇಸ್‌ಮೆಂಟ್ ಪರೀಕ್ಷೆಗೆ ಓದಲು ಕೂತ, ಆಮೇಲೆ ಕೇಳುವುದನ್ನೂ ಬಿಟ್ಟ. ಕೇಳದೆ ಬಿಟ್ಟದ್ದು ಅವನ ತಪ್ಪು. ಆದರೆ ನಲವತ್ತು ಪ್ಯಾಂಟ್ ಬಿದ್ದಿದ್ದದ್ದು ನನ್ನ ಮೇಜಿನ ಮೇಲೆ.

ಮೆಸೇಜ್ ಬರೆಯುವ ಮೊದಲು ಸಿರುಗುಪ್ಪದವನಿಗೆ ಫೋನ್ ಮಾಡಿದೆ. ಎಲ್ಲರ ಎದುರು ಬೈದಿದ್ದನ್ನು ಗುಂಪಿನಲ್ಲಿ ಸರಿ ಮಾಡುವ ಮೊದಲು ಅವನಿಗೆ ನೇರವಾಗಿ ಹೇಳಬೇಕಿತ್ತು. "ಅವತ್ತು ಹಾಗೆ ಅನ್ನಬಾರದಿತ್ತು ಕಣೋ, ಆ ಫೈಲನ್ನೇ ನಾನು ಸರಿಯಾಗಿ ಒಡೆದಿರಲಿಲ್ಲ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಕಲಿತುಕೋಬೇಕಿತ್ತು ಬಿಡು" ಅಂದ. ಮಾತು ಅಷ್ಟೇ. ಆಮೇಲೆ ಈ ಮೆಸೇಜ್ ಗುಂಪಿಗೆ ಹೋಯಿತು. ಇವತ್ತಿಗೂ ನನ್ನ ಫೋನ್‌ನಲ್ಲಿದೆ, ಹಾಗೇ ಹಾಕುತ್ತಿದ್ದೇನೆ.

"ಎಲ್ಲರಿಗೂ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮಗೆ ಉಳಿದಿರೋದು 5 ವಾರ. ಅದರಲ್ಲಿ ಒಂದು ವಾರ ಇಂಟರ್ನಲ್ಸ್‌ಗೆ ಹೋಗುತ್ತೆ. ಈಗ ಕೆಲಸ ನಡೀತಿರೋ ರೀತಿ ನನಗೆ ಜಾಸ್ತಿ ಆಗ್ತಿದೆ. ಕಳೆದ ಎರಡು ವಾರದಲ್ಲಿ ಲಾಗಿನ್, ಬಂಡಲ್, ನಗದ ಎಂಟ್ರಿ ಮೂರನ್ನೂ ನಾನೇ ನೋಡ್ತಿದ್ದೀನಿ, ಹೀಗೇ ಹೋದ್ರೆ ನನ್ನಿಂದ ಮುಗಿಸೋಕೆ ಆಗಲ್ಲ. ಇದನ್ನ ಮುಚ್ಚಿಡದೆ ಹೇಳ್ತಿದ್ದೀನಿ.

ಇದರಲ್ಲಿ ನನ್ನ ಪಾಲೂ ಇದೆ. ಟೇಬಲ್‌ಗಳನ್ನ ಪುಶ್ ಮಾಡದೆ ಇಟ್ಕೊಂಡೆ, ಅದಕ್ಕೆ ಬಟವಡೆ ಕೆಲಸ ನಿಂತಿದೆ. ಎಲ್ಲಾ ಒಂದೇ ಫೈಲ್‌ನಲ್ಲಿ ಇಟ್ಟೆ, ಅದಕ್ಕೆ ಕಾನ್‌ಫ್ಲಿಕ್ಟ್ ಬಂತು. ಟೇಬಲ್‌ಗಳನ್ನ ಈಗ ಪುಶ್ ಮಾಡಿದ್ದೀನಿ. `app.py` ಅನ್ನು ಬುಧವಾರದೊಳಗೆ ಒಡೀತೀನಿ. ಲ್ಯಾಬ್‌ನಿಂದ ಬಂದ 11 ಕಮಿಟ್ ಯಾರದು ಅಂತ ನಮಗೆ ಗೊತ್ತು, ರಿಪೋರ್ಟ್‌ನಲ್ಲೂ ಹಾಗೇ ಬರೆಯೋಣ.

ನಾಳೆ ಮೂರೂವರೆಗೆ ಲೈಬ್ರರಿ ಹಿಂದೆ ಒಂದು ಗಂಟೆ ಕೂರೋಣ. ಬರುವಾಗ ಒಂದೇ ಒಂದು ವಿಷಯ ಯೋಚಿಸಿ ಬನ್ನಿ: ವಾರಕ್ಕೆ ಎಷ್ಟು ಅರ್ಧ ದಿನ ಖಂಡಿತ ಕೊಡೋಕೆ ಆಗುತ್ತೆ? ಅರ್ಧ ದಿನ ಅಂದ್ರೆ ಮೂರು ಗಂಟೆ. ಒಂದೇ ಅಂದ್ರೂ ಪರವಾಗಿಲ್ಲ, ಆದರೆ ನಿಜವಾದ ಸಂಖ್ಯೆ ಹೇಳಿ. ಬರೋಕೆ ಆಗದಿದ್ರೆ ಸಂಖ್ಯೆ ಇಲ್ಲೇ ಹಾಕಿ."

ಈ ಮೆಸೇಜ್‌ನಲ್ಲಿ ಯಾರ ಕಮಿಟ್ ಎಷ್ಟು ಅಂತ ಇಲ್ಲ. ಬೇಕಂತಲೇ ಬಿಟ್ಟೆ. ಆ ಸಂಖ್ಯೆ ಹಾಕಿದ್ದರೆ ಮಾತೆಲ್ಲ ಸಂಖ್ಯೆ ಸರಿಯೋ ತಪ್ಪೋ ಅನ್ನುವುದರ ಮೇಲೇ ಹೋಗುತ್ತಿತ್ತು. ನನಗೆ ಜಾಸ್ತಿ ಆಗುತ್ತಿದೆ ಅನ್ನುವುದನ್ನು ಮಾತ್ರ ಮೆತ್ತಗೆ ಮಾಡಲಿಲ್ಲ. ಅದನ್ನು ಬಿಟ್ಟು ಬರೀ "ಹೊಸದಾಗಿ ಹಂಚಿಕೊಳ್ಳೋಣ" ಅಂದಿದ್ದರೆ ಯಾಕೆ ಅಂತಲೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೈಡ್ ಹೆಸರನ್ನೂ ಎತ್ತಲಿಲ್ಲ. ಹಂಚಿಕೆಯೇ ಬರೆದಿಟ್ಟಿಲ್ಲ ಅಂದಮೇಲೆ ಗೈಡ್ ಹತ್ತಿರ ಹೋಗಿ ಏನು ತೋರಿಸುವುದು? ಹಂಚಿಕೊಂಡು, ದಿನಾಂಕ ಹಾಕಿ, ಆಮೇಲೂ ಒಬ್ಬರು ಮುಟ್ಟದಿದ್ದರೆ ಆಗ ಹೋಗಬೇಕು. ಆಗ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಮರುದಿನ ಮೂವರು ಬಂದೆವು. ಕಂಪ್ಲಿಯವನು ಬರಲಿಲ್ಲ. "1" ಅಂತ ಮಾತ್ರ ಗುಂಪಿನಲ್ಲಿ ಹಾಕಿದ. ನಮ್ಮದು ತಲಾ ಮೂರು. ವಾರಕ್ಕೆ ಹತ್ತು ಅರ್ಧ ದಿನ, ನಾಲ್ಕು ವಾರಕ್ಕೆ 40.

ಆಮೇಲೆ ಉಳಿದ ಕೆಲಸಗಳನ್ನು ಒಂದೊಂದು ಚೀಟಿಯಲ್ಲಿ ಬರೆದೆವು. ಮೊದಲ ಸಲ ಹಂಚಿಕೊಂಡಾಗ ಪುಟ ಎಣಿಸಿದ್ದೆವು, ತಲಾ ಎರಡು ಪುಟ. ಲೂಪ್‌ಗೂ ಬೆಲ್ಟ್‌ಗೂ ಒಂದೇ ದರ ಕೊಟ್ಟ ಹಾಗೆ. ನೌಕರರ ಪಟ್ಟಿ ಒಂದು ಪುಟ, ದರ ಬದಲಾವಣೆಯೂ ಒಂದು ಪುಟ. ಆದರೆ ಪಟ್ಟಿ ಅಂದರೆ ಹೆಸರು ಸೇರಿಸುವುದು, ತಿದ್ದುವುದು, ಅಷ್ಟೇ. ದರದ ಪುಟದ ಹಿಂದೆ ಇರುವ ಲೆಕ್ಕ ನೋಡಿ. ಜಿಪ್ ಹಾಕುವ ದರ 2.50 ಇದ್ದದ್ದು ಬುಧವಾರದಿಂದ 2.75 ಆಯಿತು ಅಂದುಕೊಳ್ಳಿ. ಒಬ್ಬರು ಸೋಮವಾರ, ಮಂಗಳವಾರ 120 ನಗ ಮಾಡಿದ್ದಾರೆ, ಬುಧವಾರದಿಂದ ಶನಿವಾರದವರೆಗೆ 240. ಅವರಿಗೆ ಸಿಗಬೇಕಾದದ್ದು 300 ಮತ್ತು 660, ಒಟ್ಟು 960 ರೂಪಾಯಿ. ದರವನ್ನು ಸುಮ್ಮನೆ ಹಳೆಯದರ ಮೇಲೆ ತಿದ್ದಿಬಿಟ್ಟರೆ 360 ನಗಕ್ಕೂ ಹೊಸ ದರ ಬಿದ್ದು 990 ಬರುತ್ತದೆ. ದರ ಇಳಿದ ವಾರ ಇದೇ ತಪ್ಪು ಆದರೆ ಹೊಲಿದವರ ಕೈಗೆ ಕಡಿಮೆ ಬೀಳುತ್ತದೆ. ಅದಕ್ಕೆ ಪ್ರತಿ ದರದ ಜೊತೆ ಯಾವತ್ತಿನಿಂದ ಅನ್ನುವ ದಿನಾಂಕ ಇಡಬೇಕು, ಹೊಲಿದ ದಿನಕ್ಕೆ ಸರಿಯಾದ ದರ ಹುಡುಕಬೇಕು:

```sql
SELECT paise FROM rates
WHERE op_id = ? AND from_date <= ?
ORDER BY from_date DESC
LIMIT 1;
```

ನಾಲ್ಕು ಸಾಲು. ಆದರೆ ಆ ನಾಲ್ಕು ಸಾಲಿಗೆ ಬರುವ ಮೊದಲು ಮೇಸ್ತ್ರಿ ಹೇಳಿದ್ದು ಅರ್ಥ ಆಗಬೇಕು, ಟೇಬಲ್ ಹಾಗೆ ಕಟ್ಟಬೇಕು, ವಾರದ ಮಧ್ಯೆ ಬದಲಾದರೆ ಏನು ಅಂತ ಪರೀಕ್ಷಿಸಬೇಕು. ಹಾಗಾಗಿ ನೌಕರರ ಪಟ್ಟಿಗೆ ಎರಡು ಅರ್ಧ ದಿನ ಅಂತ ಹಾಕಿದೆವು, ದರಕ್ಕೆ ನಾಲ್ಕು, ಬಟವಡೆಗೆ ಐದು. ಪ್ರತಿ ಚೀಟಿಗೂ ಮೂವರೂ ಬೇರೆ ಬೇರೆಯಾಗಿ ಸಂಖ್ಯೆ ಬರೆದು ಒಟ್ಟಿಗೆ ತೋರಿಸಿದೆವು. ನಾನು 2 ಅಂದಿದ್ದಕ್ಕೆ ಸಂಡೂರಿನವಳು 5 ಅಂದರೆ, ಅವಳಿಗೆ ಕಂಡದ್ದು ನನಗೆ ಕಂಡಿಲ್ಲ ಅಂತ ಅರ್ಥ. ಅಲ್ಲಿ ನಿಂತು ಮಾತಾಡಿದೆವು. ರಿಪೋರ್ಟ್, ಟೆಸ್ಟಿಂಗ್, `app.py` ಒಡೆಯುವುದು, ಇವಕ್ಕೂ ಚೀಟಿ ಬರೆದೆವು. ಇವು ಕಣ್ಣಿಗೆ ಕಾಣದ ಕೆಲಸ, ಚೀಟಿ ಇಲ್ಲದಿದ್ದರೆ ಕೊನೆಗೆ ಒಬ್ಬರ ತಲೆ ಮೇಲೆ ಬೀಳುತ್ತವೆ. ಎಲ್ಲಾ ಕೂಡಿದರೆ 37. ನಮ್ಮ ಹತ್ತಿರ ಇದ್ದದ್ದು 40. ಮೂರು ಉಳಿಯುತ್ತದೆ ಅಂತ ಖುಷಿಪಟ್ಟೆವು.

ಹಂಚಿಕೆ ನನಗೆ 12, ಸಿರುಗುಪ್ಪದವನಿಗೆ 11, ಸಂಡೂರಿನವಳಿಗೆ 10, ಕಂಪ್ಲಿಯವನಿಗೆ 4. ಸಮ ಅಲ್ಲ. ಆದರೆ ಪ್ರತಿಯೊಬ್ಬರೂ ತಾವೇ ಹೇಳಿದ ಸಂಖ್ಯೆಯ ಒಳಗೆ ಇತ್ತು. ದರ ಮತ್ತು ಬಟವಡೆ, ಅಂದರೆ ಇಡೀ ಪ್ರಾಜೆಕ್ಟ್‌ನ ಹೊಟ್ಟೆ, ಸಂಡೂರಿನವಳಿಗೆ ಹೋಯಿತು. ಅದು ನನಗೆ ಸುಲಭ ಆಗಿರಲಿಲ್ಲ. ಮುಖ್ಯವಾದದ್ದು ನನ್ನ ಹತ್ತಿರವೇ ಇರಲಿ ಅಂತ ಮನಸ್ಸು ಹೇಳುತ್ತಿತ್ತು. ಆದರೆ ಕಷ್ಟದ್ದನ್ನೆಲ್ಲ ನಾನು ಇಟ್ಟುಕೊಂಡು ಬಣ್ಣ ಬಳಿಯುವುದನ್ನು ಅವರಿಗೆ ಕೊಟ್ಟರೆ, ವೈವಾದಲ್ಲಿ ಒಬ್ಬೊಬ್ಬರನ್ನೇ ಕೇಳಿದಾಗ ಅವರು ಏನು ಹೇಳಬೇಕು?

ಬುಧವಾರದೊಳಗೆ ನಾನು ಫೈಲ್ ಒಡೆದೆ. ಫ್ಲಾಸ್ಕ್‌ನಲ್ಲಿ ಬ್ಲೂಪ್ರಿಂಟ್ ಅಂತ ಇದೆ. ಒಂದೊಂದು ಭಾಗದ ಪುಟಗಳನ್ನು ಒಂದೊಂದು ಫೈಲ್‌ನಲ್ಲಿ ಇಟ್ಟು, ಮುಖ್ಯ ಫೈಲ್‌ನಿಂದ ಅವನ್ನು ಜೋಡಿಸಬಹುದು. `workers.py`, `bundles.py`, `entries.py`, `pay.py`. `app.py` 60 ಸಾಲಿಗೆ ಇಳಿಯಿತು. ಆಮೇಲೆ ಕಾನ್‌ಫ್ಲಿಕ್ಟ್ ಬರಲೇ ಇಲ್ಲ ಅಂತಲ್ಲ, ಬಂದರೂ ಒಂದೆರಡು ಸಾಲಿನದು, ಯಾರಾದರೂ ಬಿಡಿಸಬಹುದಾದದ್ದು.

ಇನ್ನೊಂದು ತೊಡಕು ಕಾಯುವುದು. ಸಿರುಗುಪ್ಪದವನ ಎಂಟ್ರಿ ಪುಟದಲ್ಲಿ ನಗ ಹಾಕಿದ ಕೂಡಲೇ ಇವತ್ತಿನ ದುಡಿಮೆ ಎಷ್ಟು ಅಂತ ತೋರಿಸಬೇಕು. ಅದಕ್ಕೆ ಸಂಡೂರಿನವಳ ದರದ ಕೋಡ್ ಬೇಕು. ಅವಳು ಮುಗಿಸುವವರೆಗೆ ಅವನು ಕೂರಬೇಕಾ? ಮೊದಲ ದಿನವೇ ಇಬ್ಬರೂ ಕೂತು ಫಂಕ್ಷನ್‌ನ ಹೆಸರು, ಒಳಗೆ ಹೋಗುವುದು, ಹೊರಗೆ ಬರುವುದು ಮಾತ್ರ ಗೊತ್ತುಮಾಡಿಕೊಂಡು ಒಂದು ಸುಳ್ಳು ಉತ್ತರ ಇಟ್ಟು ಪುಶ್ ಮಾಡಿದರು:

```python
def rate_on(op_id, day):
    return 250
```

ಯಾವ ಕೆಲಸ ಕೇಳಿದರೂ 250 ಪೈಸೆ. ರೂಪಾಯಿ ಬದಲು ಪೈಸೆಯ ಪೂರ್ಣ ಸಂಖ್ಯೆ ಇಟ್ಟದ್ದೂ ಅವತ್ತೇ, ದಶಾಂಶದ ಲೆಕ್ಕದಲ್ಲಿ ಕಂಪ್ಯೂಟರ್ ಚೂರುಪಾರು ತಪ್ಪುತ್ತದೆ ಅಂತ. ಇದರ ಮೇಲೆ ಅವನು ತನ್ನ ಪುಟ ಕಟ್ಟಿದ. ಹತ್ತು ದಿನ ಆದಮೇಲೆ ಅವಳು ಒಳಗಿನ 250 ತೆಗೆದು ನಿಜವಾದ ಹುಡುಕಾಟ ಹಾಕಿದಳು. ಅವನು ತನ್ನ ಕಡೆ ಒಂದು ಅಕ್ಷರವೂ ಬದಲಿಸಬೇಕಾಗಲಿಲ್ಲ. ಭಾರ ಹಂಚುವುದು ಅಂದರೆ ಈ ಸಣ್ಣ ಫಂಕ್ಷನ್ ಅಂತಲೇ ನನಗೆ ಈಗ ಅನಿಸುತ್ತದೆ. ಚೀಟಿ ಎಷ್ಟೇ ಸಮವಾಗಿ ಹಂಚಿದರೂ, ಒಬ್ಬರದು ಇನ್ನೊಬ್ಬರದ್ದಕ್ಕೆ ಕಾದು ನಿಂತರೆ ಕೊನೆಗೆ ಆತುರದವರೇ ಎರಡನ್ನೂ ಮಾಡುತ್ತಾರೆ.

ಲ್ಯಾಬ್‌ನ ಹೆಸರಿನ ವಿಷಯ ಸುಲಭವಾಗಿ ಬಗೆಹರಿಯಿತು. ನಮ್ಮ ರೆಪೊಸಿಟರಿಯ ಫೋಲ್ಡರ್ ಒಳಗೆ ನಿಂತು `git config user.name` ಮತ್ತು `git config user.email` ಕಮಾಂಡ್‌ಗಳ ಮುಂದೆ ಅವಳ ಹೆಸರು, ಇಮೇಲ್ ಹಾಕಿದರೆ ಆ ಫೋಲ್ಡರ್‌ಗೆ ಮಾತ್ರ ಅವಳ ಹೆಸರು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ಕೂತು ಬರೆದ ದಿನ ಕಮಿಟ್ ಮೆಸೇಜ್‌ನ ಕೊನೆಗೆ `Co-authored-by:` ಅಂತ ಇನ್ನೊಬ್ಬರ ಹೆಸರು, ಇಮೇಲ್ ಸೇರಿಸಿದೆವು. ಗಿಟ್‌ಹಬ್ ಇಬ್ಬರನ್ನೂ ತೋರಿಸುತ್ತದೆ.

ನಮ್ಮ ಲೆಕ್ಕ ತಪ್ಪಿದ್ದು ಮುಂಗಡದಲ್ಲಿ. ಹೊಲಿಗೆಯವರು ಹಬ್ಬಕ್ಕೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡಿರುತ್ತಾರೆ, ಬಟವಡೆಯಲ್ಲಿ ಕಡಿಯಬೇಕು. ಕೂಡಿ ಕಳೆಯುವುದು ತಾನೇ ಅಂತ ಮೂರು ಅರ್ಧ ದಿನ ಹಾಕಿದ್ದೆವು. ಸಿರುಗುಪ್ಪದವನು ಬರೆದು ಮುಗಿಸಿ ಯೂನಿಟ್‌ಗೆ ತೋರಿಸಲು ಹೋದಾಗ ಮೇಸ್ತ್ರಿ ಕೇಳಿದರು, "ವಾರದ ದುಡ್ಡಿಗಿಂತ ಮುಂಗಡನೇ ಜಾಸ್ತಿ ಇದ್ರೆ ಏನು ಮಾಡ್ತೀರಪ್ಪ? ಬರಿಗೈಲಿ ಕಳಿಸ್ತೀರಾ?" ಅವರು ಎಂದೂ ವಾರದ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಕಡಿಯುವುದಿಲ್ಲ. ಉಳಿದದ್ದು ಮುಂದಿನ ವಾರಕ್ಕೆ ಹೋಗಬೇಕು. ಅಂದರೆ ಪ್ರತಿ ಕಡಿತವನ್ನೂ ಬೇರೆಯಾಗಿ ಬರೆದಿಡಬೇಕು, ಬಾಕಿ ಹೊತ್ತುಕೊಂಡು ಹೋಗಬೇಕು. ಮೂರು ಇದ್ದದ್ದು ಆರಾಯಿತು. ನಾವು ಉಳಿದಿದೆ ಅಂತ ಖುಷಿಪಟ್ಟ ಮೂರೂ ಅಲ್ಲೇ ಮುಗಿದವು.

ಆದರೆ ಈ ಸಲ ಅವನು ಮೂರನೇ ಅರ್ಧ ದಿನದ ಸಂಜೆಯೇ ಗುಂಪಿನಲ್ಲಿ ಬರೆದ, "ಮುಂಗಡ ಅಂದುಕೊಂಡದ್ದಕ್ಕಿಂತ ದೊಡ್ಡದು, ಇನ್ನೂ ಮೂರು ಬೇಕು." ಪ್ರತಿ ಭಾನುವಾರ ಸಂಜೆ ಹತ್ತು ನಿಮಿಷ ಎಲ್ಲರೂ ಬರೆಯುವುದು ಅಂತ ಮಾಡಿಕೊಂಡಿದ್ದೆವು: ಏನು ಮುಗಿಯಿತು, ಏನು ನಿಂತಿದೆ, ಅಂದಾಜು ಎಷ್ಟು ಬದಲಾಯಿತು. ಮುಗಿಯಿತು ಅಂದರೆ ಪುಶ್ ಆಗಿರಬೇಕು, ಇನ್ನೊಬ್ಬರು ತಮ್ಮ ಮಷೀನ್‌ನಲ್ಲಿ ಓಡಿಸಿ ನೋಡಿರಬೇಕು. "ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ" ಅನ್ನೋದು ಮುಗಿದ ಲೆಕ್ಕಕ್ಕೆ ಸೇರುವುದಿಲ್ಲ. ಆ ಭಾನುವಾರ ಸಿರುಗುಪ್ಪದವನ ಬಂಡಲ್ ಪುಟವನ್ನು ನಾನು ತೆಗೆದುಕೊಂಡೆ, ನನ್ನ ಟೆಸ್ಟಿಂಗ್‌ನ ಅರ್ಧವನ್ನು ಸಂಡೂರಿನವಳು ತೆಗೆದುಕೊಂಡಳು. ಯಾರೂ ಯಾರಿಗೂ ಉಪಕಾರ ಮಾಡಿದ ಹಾಗೆ ಇರಲಿಲ್ಲ.

ಕಂಪ್ಲಿಯವನಿಗೆ ನಾವು ಕೊಟ್ಟದ್ದು ಬಟವಡೆ ಚೀಟಿಯ ಮುದ್ರಣ, ಜೊತೆಗೆ ರಿಪೋರ್ಟ್‌ನಲ್ಲಿ ಅವನ ಭಾಗ. ವಾರಕ್ಕೆ ಮೂರೇ ಗಂಟೆ ಇರುವವನಿಗೆ ಬೇರೆ ಯಾರ ಕೋಡ್‌ಗೂ ಹೆಚ್ಚು ತಗಲದ ಕೆಲಸ ಬೇಕು. ಇಲ್ಲದಿದ್ದರೆ ಆ ಮೂರು ಗಂಟೆ ಹಿಂದಿನ ವಾರ ಏನಾಯಿತು ಅಂತ ತಿಳಿಯುವುದಕ್ಕೇ ಹೋಗುತ್ತದೆ. ಮೊದಲ ವಾರ ಅವನಿಂದ ಒಂದು ಚಿತ್ರ ಬಂತು. ನಾವು ಆರಿಸಿದ್ದ ಪಿಡಿಎಫ್ ಲೈಬ್ರರಿಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಹೋಗಿದ್ದವು. "ಮೊತ್ತ" ಅನ್ನುವ ಪದದಲ್ಲಿ ತ-ಒತ್ತು ಕೆಳಗೆ ಕೂರದೆ, ಎರಡು ತ ಅಕ್ಕಪಕ್ಕ ನಿಂತಿದ್ದವು. ಫಾಂಟ್ ಬದಲಿಸಿದರೂ ಹಾಗೇ. ಅಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಕೆಲಸವನ್ನೇ ಆ ಲೈಬ್ರರಿ ಮಾಡುತ್ತಿರಲಿಲ್ಲ. ಬ್ರೌಸರ್ ಅದನ್ನು ಸರಿಯಾಗಿ ಮಾಡುತ್ತದೆ. ಹಾಗಾಗಿ ಅವನು ಪಿಡಿಎಫ್ ಬಿಟ್ಟು, ಚೀಟಿಯನ್ನು ಸಾದಾ ವೆಬ್ ಪುಟವಾಗಿ ಮಾಡಿ, `@media print` ಹಾಕಿ ಮುದ್ರಣದಲ್ಲಿ ಮೆನು, ಬಟನ್ ಎಲ್ಲಾ ಮಾಯವಾಗುವ ಹಾಗೆ ಮಾಡಿದ. ಒಂದು ಎ4 ಹಾಳೆಗೆ ಎಂಟು ಚೀಟಿ. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಓದಿದರು. ನಮ್ಮ ಪ್ರಾಜೆಕ್ಟ್‌ನಲ್ಲಿ ಅವರು ನಿಜವಾಗಿ ಮುಟ್ಟಿ ನೋಡಿದ್ದು ಅದೊಂದನ್ನೇ.

ಅದು ಮೂರನೇ ವಾರ. ಆ ಭಾನುವಾರ ಸಂಜೆ ಎಲ್ಲರಿಗಿಂತ ಮೊದಲು ಗುಂಪಿನಲ್ಲಿ ಬರೆದವನು ಅವನೇ. "ಚೀಟಿ ಮುಗೀತು, ಪುಶ್ ಮಾಡಿದ್ದೀನಿ, ಯಾರಾದ್ರೂ ಓಡಿಸಿ ನೋಡಿ. ನನ್ನ ಪರೀಕ್ಷೆ ಮುಂದಕ್ಕೆ ಹೋಯ್ತು. ಈ ವಾರ ನನ್ನ ಹತ್ರ ಇನ್ನೂ ಎರಡು ಅರ್ಧ ದಿನ ಇದೆ. ಯಾರದು ನಿಂತಿದೆ?"

ಬಂಡಲ್ ಪುಟದಲ್ಲಿ ನನ್ನದು ನಿಂತಿತ್ತು. ಅವತ್ತು ರಾತ್ರಿಯೇ, ಅರ್ಧಕ್ಕಿದ್ದ ಹಾಗೇ, ಪುಶ್ ಮಾಡಿದೆ.